ಕ್ಷ-ಕಿರಣ ರೇಖೆಯ ಅಗಲ: ಕಣದ ಗಾತ್ರವನ್ನೂ ಜಾಲದ ವಿಕೃತಿಯನ್ನೂ ಬೇರ್ಪಡಿಸಿದ ಬಗೆ

ಅಕ್ಕಸಾಲಿಗನು ಚಿನ್ನದ ತಗಡನ್ನು ಬಡಿಯುತ್ತ ಹೋದಂತೆ ಅದು ಕ್ರಮೇಣ ಬಿರುಸಾಗುತ್ತದೆ. ಒಂದು ಮಿತಿಯನ್ನು ಮೀರಿ ಬಡಿದರೆ ಅಂಚು ಸೀಳುತ್ತದೆ. ಇದನ್ನು ಬಲ್ಲ ಕೆಲಸಗಾರನು ನಡುನಡುವೆ ತಗಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಮೆತ್ತಗಾಗಿಸಿಕೊಂಡು, ಮತ್ತೆ ಸುತ್ತಿಗೆ ಹಿಡಿಯುತ್ತಾನೆ. ಬಡಿದಾಗ ಬಿರುಸಾಗುವುದು, ಕಾಯಿಸಿದಾಗ ಹದಕ್ಕೆ ಬರುವುದು, ಇವೆರಡೂ ಲೋಹದ ಕೆಲಸದಷ್ಟೇ ಹಳೆಯ ಅನುಭವಗಳು. ಆದರೆ ಹೀಗೆ ಬಡಿಸಿಕೊಂಡ ಲೋಹದ ಒಳಗೆ ಆಗುವುದೇನು ಎಂಬ ಪ್ರಶ್ನೆಗೆ ಉತ್ತರವು ಇಪ್ಪತ್ತನೆಯ ಶತಮಾನದ ತನಕ ದೊರೆಯಲಿಲ್ಲ. ದೊರೆತಾಗಲೂ ಒಂದಲ್ಲ, ಎರಡು ಉತ್ತರಗಳು ಎದುರುಬದುರಾಗಿ ನಿಂತವು. ಲೋಹದ ಸ್ಫಟಿಕಗಳು ಪೆಟ್ಟಿಗೆ ಒಡೆದು ಅತಿ ಸಣ್ಣ ತುಣುಕುಗಳಾಗುತ್ತವೆ ಎಂದು ಕೆಲವರು ಹೇಳಿದರು. ಸ್ಫಟಿಕಗಳು ಒಡೆಯುವುದಿಲ್ಲ, ಅವುಗಳ ಒಳಗಿನ ಪರಮಾಣುಗಳ ಸಾಲುಗಳು ಬಾಗಿ, ಹಿಗ್ಗಿ, ಕುಗ್ಗಿ ವಿಕಾರಗೊಳ್ಳುತ್ತವೆ ಎಂದು ಬೇರೆ ಕೆಲವರು ಹೇಳಿದರು. ವಿಚಿತ್ರವೆಂದರೆ ಈ ಎರಡು ಪಕ್ಷದವರೂ ತೋರಿಸುತ್ತಿದ್ದ ಸಾಕ್ಷಿ ಒಂದೇ: ಕ್ಷ-ಕಿರಣದ ಫಿಲ್ಮಿನ ಮೇಲೆ ತೆಳ್ಳಗೆ ಮೂಡಬೇಕಾಗಿದ್ದ ರೇಖೆಯು ಅಗಲವಾಗಿ ಹರಡಿಕೊಂಡು ಮೂಡುತ್ತಿದ್ದುದು. ಒಂದೇ ಗುರುತಿನಲ್ಲಿ ಬೆರೆತುಹೋದ ಎರಡು ಕಾರಣಗಳನ್ನು ಬೇರ್ಪಡಿಸಿದ ಚರಿತ್ರೆಯು 1918ರಿಂದ 1953ರವರೆಗೆ ಹಬ್ಬಿದೆ.

1

ಸ್ಫಟಿಕದ ಮೂಲಕ ಹಾಯ್ದ ಕ್ಷ-ಕಿರಣಗಳು ವಿವರ್ತನೆ ಹೊಂದುತ್ತವೆ ಎಂಬುದು 1912ರಲ್ಲಿ ಮ್ಯೂನಿಕ್ ನಗರದಲ್ಲಿ ಲೌಎ, ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಂಬುವರಿಂದ ಗೊತ್ತಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ತರುಣನಾಗಿದ್ದ ಲಾರೆನ್ಸ್ ಬ್ರಾಗ್ ಆ ಘಟನೆಗೆ ಸರಳವಾದ ನಿಯಮವೊಂದನ್ನು ಕೊಟ್ಟನು. ಸ್ಫಟಿಕದಲ್ಲಿ ಪರಮಾಣುಗಳು ಸಮಾಂತರವಾದ ಪದರಗಳಲ್ಲಿ ನಿಂತಿವೆ. ಅಕ್ಕಪಕ್ಕದ ಪದರಗಳಿಂದ ಪ್ರತಿಫಲಿಸಿದ ಅಲೆಗಳ ದಾರಿಗಳಲ್ಲಿರುವ ಅಂತರವು ಸರಿಯಾಗಿ ಒಂದು ಅಲೆಯುದ್ದವಾದಾಗ ಅವು ಪರಸ್ಪರ ಪುಷ್ಟಿಗೊಂಡು ಹೊರಬರುತ್ತವೆ. ಪದರಗಳ ನಡುವಣ ದೂರವನ್ನು d, ಅಲೆಯುದ್ದವನ್ನು λ, ಕಿರಣವು ಪದರದೊಡನೆ ಮಾಡುವ ಕೋನವನ್ನು θ ಎಂದರೆ ನಿಯಮವು ಹೀಗಿದೆ:

2d sin θ = λ

ಮೊದಲ ಪ್ರಯೋಗಗಳಿಗೆಲ್ಲ ದೊಡ್ಡದಾದ ಒಂಟಿ ಸ್ಫಟಿಕವೇ ಬೇಕಾಗಿತ್ತು. 1916ರಲ್ಲಿ ಗ್ಯಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪೀಟರ್ ಡಿಬೈ ಎಂಬ ಡಚ್ ವಿದ್ವಾಂಸನೂ ಅವನ ಸ್ವಿಸ್ ಶಿಷ್ಯನಾದ ಪೌಲ್ ಶೆರರನೂ ಈ ಕಟ್ಟನ್ನು ಬಿಡಿಸಿದರು. ನುಣ್ಣನೆಯ ಪುಡಿಯಲ್ಲಿ ಲೆಕ್ಕವಿಲ್ಲದಷ್ಟು ಸ್ಫಟಿಕಕಣಗಳು ಎಲ್ಲ ದಿಕ್ಕುಗಳಿಗೂ ಮುಖಮಾಡಿ ಬಿದ್ದಿರುತ್ತವೆಯಾದ್ದರಿಂದ, ಅವುಗಳಲ್ಲಿ ಕೆಲವಾದರೂ ಬ್ರಾಗ್ ನಿಯಮಕ್ಕೆ ಒಪ್ಪುವ ಕೋನದಲ್ಲಿ ಇದ್ದೇ ಇರುತ್ತವೆ. ಪುಡಿಯನ್ನು ನಡುವೆ ನಿಲ್ಲಿಸಿ ಸುತ್ತಲೂ ಫಿಲ್ಮನ್ನು ಉರುಳೆಯಂತೆ ಬಾಗಿಸಿಟ್ಟರೆ, ಒಂದೊಂದು ಬಗೆಯ ಪದರಸಮೂಹಕ್ಕೆ ಒಂದೊಂದು ರೇಖೆ ಮೂಡುತ್ತದೆ. ಇದೇ ಕಾಲದಲ್ಲಿ ಅಮೆರಿಕದ ಆಲ್ಬರ್ಟ್ ಹಲ್ ಸಹ ಸ್ವತಂತ್ರವಾಗಿ ಈ ಪದ್ಧತಿಯನ್ನು ಕಂಡುಕೊಂಡನು. ಲೋಹದ ಪುಡಿ, ಮಣ್ಣು, ಸುಣ್ಣ ಯಾವುದನ್ನಾದರೂ ಇನ್ನು ಕ್ಷ-ಕಿರಣದಿಂದ ಪರೀಕ್ಷಿಸಬಹುದಾಯಿತು.

ಎರಡು ವರ್ಷಗಳ ನಂತರ, 1918ರಲ್ಲಿ, ಶೆರರನು ಗ್ಯಟಿಂಗೆನ್ ವಿಜ್ಞಾನ ಸಂಘದ ವರದಿಗಳಲ್ಲಿ ಕೆಲವೇ ಪುಟಗಳ ಲೇಖನವೊಂದನ್ನು ಪ್ರಕಟಿಸಿದನು. ಅದರ ವಿಷಯ ಕಲಿಲ ಕಣಗಳ ಗಾತ್ರ ಮತ್ತು ಒಳರಚನೆ. ಕಲಿಲ ಚಿನ್ನವೆಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಚಿನ್ನದ ಕಣಗಳು. ಅವುಗಳ ಅಧ್ಯಯನದಲ್ಲಿ ಖ್ಯಾತನಾದ ಜಿಗ್ಮಾಂಡಿಯು ಅದೇ ಗ್ಯಟಿಂಗೆನ್ನಿನಲ್ಲಿ ಅಧ್ಯಾಪಕನಾಗಿದ್ದನು. ಇಷ್ಟು ಚಿಕ್ಕ ಕಣದೊಳಗೆ ಪರಮಾಣುಗಳು ಚಿನ್ನದ ಗಟ್ಟಿಯಲ್ಲಿರುವ ಕ್ರಮದಲ್ಲಿಯೇ ಇವೆಯೇ, ಅಥವಾ ಕ್ರಮವಿಲ್ಲದೆ ಗುಂಪುಗೂಡಿವೆಯೇ ಎಂಬುದು ಆಗ ತೀರ್ಮಾನವಾಗದ ಪ್ರಶ್ನೆ. ಶೆರರನ ಫಿಲ್ಮು ಅದಕ್ಕೆ ಉತ್ತರ ಕೊಟ್ಟಿತು. ರೇಖೆಗಳೆಲ್ಲ ಸಾಮಾನ್ಯ ಚಿನ್ನದ ರೇಖೆಗಳ ಸ್ಥಾನದಲ್ಲಿಯೇ ಇದ್ದವು. ಆದುದರಿಂದ ಜಾಲವು ಅದೇ. ಆದರೆ ಕಣವು ಚಿಕ್ಕದಾದಷ್ಟೂ ರೇಖೆಯು ಅಗಲವಾಗಿತ್ತು.

ಇದಕ್ಕೆ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕಿರಣವು ಬ್ರಾಗ್ ಕೋನದಿಂದ ತುಸುವೇ ಸರಿದು ಬಿದ್ದಿತೆಂದು ಭಾವಿಸೋಣ. ಅಕ್ಕಪಕ್ಕದ ಪದರಗಳ ಅಲೆಗಳಲ್ಲಿ ಒಂದು ಅಲೆಯುದ್ದದ ಮೇಲೆ ಅದರ ಸಾವಿರದಲ್ಲೊಂದು ಭಾಗದಷ್ಟು ಅಂತರ ಹೆಚ್ಚಾಗಿ ಬಂದಿತೆನ್ನೋಣ. ಒಂದನೆಯ ಪದರಕ್ಕೂ ಎರಡನೆಯದಕ್ಕೂ ಈ ವ್ಯತ್ಯಾಸ ಏನೇನೂ ಅಲ್ಲ. ಆದರೆ ಪದರದಿಂದ ಪದರಕ್ಕೆ ಅದು ಕೂಡುತ್ತ ಹೋಗಿ, 501ನೆಯ ಪದರವನ್ನು ಮುಟ್ಟುವಾಗ ಅರ್ಧ ಅಲೆಯುದ್ದವಾಗುತ್ತದೆ. ಆಗ ಒಂದನೆಯ ಪದರದ ಅಲೆಯನ್ನು 501ನೆಯದು ಅಳಿಸಿಹಾಕುತ್ತದೆ, ಎರಡನೆಯದನ್ನು 502ನೆಯದು ಅಳಿಸುತ್ತದೆ. ಸ್ಫಟಿಕದಲ್ಲಿ ಸಾವಿರ ಪದರಗಳಿದ್ದರೆ ಎಲ್ಲವೂ ಹೀಗೆ ಜೋಡಿಜೋಡಿಯಾಗಿ ಅಳಿದು ಆ ದಿಕ್ಕಿನಲ್ಲಿ ಕತ್ತಲೆಯೇ ಉಳಿಯುತ್ತದೆ. ಕಣದಲ್ಲಿ ನಲವತ್ತೇ ಪದರಗಳಿದ್ದರೋ, ಅಳಿಸಲು ಬೇಕಾದ ಜೊತೆಗಾರರೇ ಇಲ್ಲ. ಕಿರಣವು ನಿಯಮದ ಕೋನದಿಂದ ಸಾಕಷ್ಟು ದೂರ ಸರಿಯುವ ತನಕ ಬೆಳಕು ಉಳಿದೇ ಇರುತ್ತದೆ. ಹೀಗೆ ರೇಖೆಯ ಅಗಲವು ಪದರಗಳ ಸಂಖ್ಯೆಗೆ, ಎಂದರೆ ಕಣದ ದಪ್ಪಕ್ಕೆ, ವಿಲೋಮವಾಗಿ ನಡೆಯುತ್ತದೆ. ಶೆರರನ ಸೂತ್ರವು ಇಷ್ಟನ್ನೇ ಹೇಳುತ್ತದೆ:

D = Kλ / (β cos θ)

ಇಲ್ಲಿ D ಎಂಬುದು ಕಣದ ಗಾತ್ರ. β ಎಂಬುದು ರೇಖೆಯ ಅರ್ಧ ಎತ್ತರದಲ್ಲಿ ಅಳೆದ ಅಗಲ. ಅದನ್ನು 2θ ಮಾಪನದ ಮೇಲೆ ಅಳೆದು ರೇಡಿಯನ್ನಿಗೆ ಪರಿವರ್ತಿಸಿರಬೇಕು. ಅಂಶಗಳನ್ನು ಹಾಗೆಯೇ ಸೂತ್ರಕ್ಕೆ ಹಾಕಿದರೆ ಉತ್ತರವು ಐವತ್ತೇಳು ಪಟ್ಟು ತಪ್ಪುತ್ತದೆ. ಛೇದದಲ್ಲಿ cos θ ಬಂದಿರುವುದಕ್ಕೂ ಕಾರಣವಿದೆ. ಕೋನವು ದೊಡ್ಡದಾಗುತ್ತ ಹೋದಂತೆ, ಕೋನದಲ್ಲಾಗುವ ಸಣ್ಣ ಬದಲಾವಣೆಯಿಂದ ದಾರಿಯ ಅಂತರದಲ್ಲಿ ಆಗುವ ಬದಲಾವಣೆ ಕಡಿಮೆಯಾಗುತ್ತದೆ; ಆದುದರಿಂದ ಅಲೆಗಳು ಅಳಿಯಲು ಕಿರಣವು ಇನ್ನಷ್ಟು ದೂರ ಸರಿಯಬೇಕಾಗುತ್ತದೆ, ರೇಖೆಯು ಅಷ್ಟು ಅಗಲವಾಗುತ್ತದೆ.

K ಎಂಬುದು ಒಂದಕ್ಕೆ ಸಮೀಪವಾದ ಸಂಖ್ಯೆ. ಶೆರರನು ಅದನ್ನು ಸುಮಾರು 0.94 ಎಂದು ಪಡೆದನು. ಮುಂದೆ ಲೌಎ 1926ರಲ್ಲಿಯೂ ಪ್ಯಾಟರ್ಸನ್ 1939ರಲ್ಲಿಯೂ ಈ ಗಣಿತವನ್ನು ಮತ್ತೆ ಶೋಧಿಸಿದರು. ಕಣದ ಆಕಾರ ಘನವೋ ಗೋಳವೋ, ಅಗಲವನ್ನು ಅರ್ಧ ಎತ್ತರದಲ್ಲಿ ಅಳೆದದ್ದೋ ಅಥವಾ ರೇಖೆಯ ಒಟ್ಟು ವಿಸ್ತೀರ್ಣವನ್ನು ಎತ್ತರದಿಂದ ಭಾಗಿಸಿ ಪಡೆದದ್ದೋ ಎಂಬುದನ್ನು ಅನುಸರಿಸಿ K ಬದಲಾಗುತ್ತದೆ. ರೂಢಿಯಲ್ಲಿ 0.9 ಎಂದು ಹಿಡಿಯುವುದುಂಟು. ಕಣದ ಆಕಾರ ತಿಳಿಯದಿದ್ದಾಗ ಗಾತ್ರದಲ್ಲಿ ನೂರಕ್ಕೆ ಹತ್ತರಷ್ಟು ಸಂದೇಹ ಇದೊಂದರಿಂದಲೇ ಉಳಿಯುತ್ತದೆಯಾಗಿ, ಗಾತ್ರವನ್ನು ದಶಾಂಶದ ಎರಡು ಸ್ಥಾನಗಳವರೆಗೆ ಬರೆಯುವ ಪದ್ಧತಿಗೆ ಅರ್ಥವಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಸೂತ್ರವು ಅಳೆಯುವುದು ಪುಡಿಯ ಕಾಳಿನ ಗಾತ್ರವನ್ನಲ್ಲ. ಪರಮಾಣುಗಳ ಪದರಗಳು ಎಲ್ಲಿಯೂ ಮುರಿಯದೆ ಒಂದೇ ಕ್ರಮದಲ್ಲಿ ಸಾಗುವ ಪ್ರದೇಶದ ಗಾತ್ರವನ್ನು ಮಾತ್ರ. ಜರಡಿಯಲ್ಲಿಯೋ ಸೂಕ್ಷ್ಮದರ್ಶಕದಲ್ಲಿಯೋ ಒಂದೇ ಆಗಿ ಕಾಣುವ ಕಾಳಿನಲ್ಲಿ ಇಂಥ ಪ್ರದೇಶಗಳು ಸಾವಿರಾರು ಇರಬಹುದು. ಕಲಿಲ ಚಿನ್ನದಂಥ ಅತಿ ಸಣ್ಣ ಕಣಗಳಲ್ಲಿ ಈ ಎರಡು ಗಾತ್ರಗಳು ಸಮೀಪವಾಗಿರಬಲ್ಲವು; ಅರದಿಂದ ಉಜ್ಜಿ ತೆಗೆದ ಲೋಹದ ಪುಡಿಯಲ್ಲಿ ಅವು ಬಹು ದೂರ.

2

ಶೆರರನು ಆರಿಸಿಕೊಂಡ ವಸ್ತುವು ಅವನ ಸೂತ್ರಕ್ಕೆ ಅನುಕೂಲವಾಗಿತ್ತು. ದ್ರವದಲ್ಲಿ ಮೆಲ್ಲಗೆ ಬೆಳೆದ ಚಿನ್ನದ ಕಣವನ್ನು ಯಾರೂ ಬಡಿದಿರಲಿಲ್ಲ, ಎಳೆದಿರಲಿಲ್ಲ. ಅದರ ಗಾತ್ರವೋ ಬಹಳ ಚಿಕ್ಕದು. ರೇಖೆಯು ಅಗಲವಾಗಲು ಗಾತ್ರವೇ ಮುಖ್ಯ ಕಾರಣವಾಗಿತ್ತು. ಸುತ್ತಿಗೆಯ ಪೆಟ್ಟು ತಿಂದ, ಅಚ್ಚಿನಲ್ಲಿ ಎಳೆದು ತಂತಿಯಾದ, ಅರದಿಂದ ತೇದ ಲೋಹಗಳ ಕಡೆಗೆ ಅದೇ ಕ್ಯಾಮೆರವನ್ನು ತಿರುಗಿಸಿದಾಗ ತೊಡಕು ಎದ್ದಿತು. ಅವುಗಳ ರೇಖೆಗಳೂ ಅಗಲವಾಗಿದ್ದವು. ಸೂತ್ರದಲ್ಲಿ ಆ ಅಗಲವನ್ನು ಹಾಕಿದರೆ ಒಂದು ಗಾತ್ರವೇನೋ ಬರುತ್ತದೆ. ಆದರೆ ಸೂತ್ರವು ಗಾತ್ರವಲ್ಲದೆ ಬೇರೇನನ್ನೂ ಹೇಳಲಾರದು. ಕಾರಣ ಬೇರೆಯಾಗಿದ್ದಾಗಲೂ ಅದು ಗಾತ್ರವನ್ನೇ ಹೇಳುತ್ತದೆ.

1925ರಲ್ಲಿ ಹಾಲೆಂಡಿನ ಫಾನ್ ಆರ್ಕೆಲ್ ಎಂಬ ವಿದ್ವಾಂಸನು, ಕೆಲಸಮಾಡಿದ ಲೋಹದಲ್ಲಿ ರೇಖೆಯು ಹರಡುವುದಕ್ಕೆ ಜಾಲದ ವಿಕಾರವೇ ಕಾರಣವೆಂದು ವಾದಿಸಿದನು. ಅವನ ವಿಚಾರ ಹೀಗಿತ್ತು. ಲೋಹವನ್ನು ಒಟ್ಟಾಗಿ ಒಂದೇ ಸಮನೆ ಹಿಗ್ಗಿಸಿದರೆ ಪದರಗಳ ದೂರ ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆ; ರೇಖೆಯು ಅಗಲವಾಗುವುದಿಲ್ಲ, ಇದ್ದ ಹಾಗೆಯೇ ಪಕ್ಕಕ್ಕೆ ಸರಿಯುತ್ತದೆ. ಬಡಿದ ಲೋಹದಲ್ಲಾದರೆ ಒಂದೆಡೆ ಪದರಗಳು ಹಿಗ್ಗಿರುತ್ತವೆ, ಮಗ್ಗುಲಲ್ಲಿಯೇ ಕುಗ್ಗಿರುತ್ತವೆ. ಹಿಗ್ಗಿದ ಭಾಗದ ರೇಖೆ ಒಂದು ಕಡೆಗೆ, ಕುಗ್ಗಿದ ಭಾಗದ ರೇಖೆ ಇನ್ನೊಂದು ಕಡೆಗೆ ಸರಿದು, ಎಲ್ಲವೂ ಕೂಡಿ ಒಂದು ಅಗಲವಾದ ಪಟ್ಟೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, 1930ರ ದಶಕದಲ್ಲಿ ಇಂಗ್ಲೆಂಡಿನ ಡಬ್ಲ್ಯು. ಎ. ವುಡ್ ಅನೇಕ ಲೋಹಗಳನ್ನು ಪರೀಕ್ಷಿಸಿ, ಸ್ಫಟಿಕಗಳು ಪೆಟ್ಟಿಗೆ ಒಡೆಯುತ್ತ ಹೋಗಿ ಆಯಾ ಲೋಹಕ್ಕೆ ಗೊತ್ತಾದ ಒಂದು ಕಡೆಯ ಗಾತ್ರದಲ್ಲಿ ನಿಲ್ಲುತ್ತವೆಂದು ಪ್ರತಿಪಾದಿಸಿದನು. 1942ರಲ್ಲಿ ಲಾರೆನ್ಸ್ ಬ್ರಾಗನೇ ಲೋಹದ ಬಲವನ್ನು ಇಂಥ ಸಣ್ಣ ತುಣುಕುಗಳ ಗಾತ್ರದೊಡನೆ ಹೊಂದಿಸುವ ಸಿದ್ಧಾಂತವೊಂದನ್ನು ಮುಂದಿಟ್ಟನು. ಹೀಗಾಗಿ ಇದು ಫಿಲ್ಮಿನ ಮೇಲಿನ ಗೆರೆಯೊಂದರ ವಿವಾದವಾಗಿ ಉಳಿಯಲಿಲ್ಲ. ಲೋಹವು ಏಕೆ ಬಲವಾಗಿದೆ ಎಂಬ ಪ್ರಶ್ನೆಯೇ ಅದರ ಮೇಲೆ ನಿಂತಿತು.

ವಿವಾದವನ್ನು ತೀರಿಸಲು ಬೇಕಾದ ಕೀಲಿಯು ಬ್ರಾಗ್ ನಿಯಮದಲ್ಲಿಯೇ ಅಡಗಿತ್ತು. ಪದರಗಳ ದೂರವು ಸ್ವಲ್ಪ ಬದಲಾದರೆ ಕೋನವು ಎಷ್ಟು ಸರಿಯಬೇಕು ಎಂದು ಆ ನಿಯಮದಿಂದ ಲೆಕ್ಕಮಾಡಿದರೆ, ಸರಿಯುವಿಕೆಯು tan θ ಎಂಬುದಕ್ಕೆ ಅನುಗುಣವಾಗಿದೆಯೆಂದು ಕಾಣಬರುತ್ತದೆ. ಆದುದರಿಂದ ವಿಕೃತಿಯಿಂದಾದ ಅಗಲವು ಹೀಗಿರಬೇಕು:

β = 4ε tan θ

ε ಎಂಬುದು ವಿಕೃತಿ, ಎಂದರೆ ಪದರಗಳ ದೂರದಲ್ಲಿ ಆದ ಬದಲಾವಣೆಗೂ ಮೂಲ ದೂರಕ್ಕೂ ಇರುವ ಪ್ರಮಾಣ. ಗಾತ್ರದಿಂದಾದ ಅಗಲವು 1/cos θ ಎಂಬುದನ್ನು ಅನುಸರಿಸುತ್ತದೆ. ವಿಕೃತಿಯಿಂದಾದುದು tan θ ಎಂಬುದನ್ನು ಅನುಸರಿಸುತ್ತದೆ. ಎರಡೂ ಕೋನದೊಡನೆ ಬೆಳೆಯುತ್ತವೆ, ಆದರೆ ಬೇರೆಬೇರೆ ವೇಗದಲ್ಲಿ. ಒಂದೇ ರೇಖೆಯನ್ನು ನೋಡುವವನಿಗೆ ಕಾರಣ ಯಾವುದೆಂದು ಎಂದಿಗೂ ತಿಳಿಯಲಾರದು. ಸಣ್ಣ ಕೋನದ ರೇಖೆಯಿಂದ ದೊಡ್ಡ ಕೋನದ ರೇಖೆಯ ತನಕ ಎಲ್ಲವನ್ನೂ ಅಳೆದು ಹೋಲಿಸುವವನಿಗೆ ಮಾತ್ರ ತಿಳಿದೀತು.

1943ರಲ್ಲಿ ಸ್ಟೋಕ್ಸ್, ಪಾಸ್ಕೋ ಮತ್ತು ಲಿಪ್ಸನ್ ಎಂಬುವರು ತಾಮ್ರದ ಅರಪುಡಿಯ ರೇಖೆಗಳನ್ನು ಹೀಗೆಯೇ ಅಳೆದು, ಅಗಲವು tan θ ಜೊತೆಗೆ ಹೋಗುತ್ತದೆ ಎಂದು ಪ್ರಕಟಿಸಿದರು. ಮರುವರ್ಷ ಸ್ಟೋಕ್ಸ್ ಮತ್ತು ವಿಲ್ಸನ್ ವಿಕೃತ ಸ್ಫಟಿಕಗಳ ವಿವರ್ತನೆಯ ಸಿದ್ಧಾಂತವನ್ನು ಗಣಿತದಿಂದ ಸ್ಥಿರಪಡಿಸಿದರು. ತಕ್ಕಡಿಯು ವಿಕೃತಿಯ ಕಡೆಗೆ ವಾಲಿತು. ಆದರೆ ಎರಡು ಪಕ್ಷಗಳವರೂ ಇಲ್ಲಿಯವರೆಗೆ ಒಂದು ಊಹೆಯನ್ನು ಹಂಚಿಕೊಂಡಿದ್ದರು: ಕಾರಣವು ಇದು ಇಲ್ಲವೇ ಅದು ಎಂಬುದು. ಎರಡೂ ಏಕಕಾಲದಲ್ಲಿ ಇರಬಹುದೆಂಬುದಕ್ಕೆ ಲೆಕ್ಕದ ದಾರಿ ಇನ್ನೂ ಸುಲಭವಾಗಿರಲಿಲ್ಲ.

3

1949ರಲ್ಲಿ ಡಬ್ಲ್ಯು. ಎಚ್. ಹಾಲ್ ಎಂಬಾತನು ಒಂದು ಕಿರುಲೇಖನದಲ್ಲಿ ಆ ದಾರಿಯನ್ನು ಸೂಚಿಸಿದನು. ಎರಡು ಅಗಲಗಳನ್ನು ನೇರವಾಗಿ ಕೂಡಿಸಿ, ಮೊತ್ತವನ್ನು cos θ ಎಂಬುದರಿಂದ ಗುಣಿಸಿದರೆ ಹೀಗಾಗುತ್ತದೆ:

β cos θ = Kλ/D + 4ε sin θ

ಇದು ಸರಳರೇಖೆಯೊಂದರ ಸಮೀಕರಣ. ಒಂದೊಂದು ವಿವರ್ತನ ರೇಖೆಗೂ sin θ ಎಂಬುದನ್ನು ಅಡ್ಡಕ್ಕೆ, β cos θ ಎಂಬುದನ್ನು ಉದ್ದಕ್ಕೆ ಗುರುತಿಸಿ ನಕ್ಷೆ ಬರೆದರೆ, ಬಿಂದುಗಳು ಒಂದು ಸರಳರೇಖೆಯ ಮೇಲೆ ಬೀಳಬೇಕು. ಆ ರೇಖೆಯ ಏರುವ ದರವು ವಿಕೃತಿಯನ್ನು ಕೊಡುತ್ತದೆ. ಅದನ್ನು sin θ ಸೊನ್ನೆಯಾಗುವ ತನಕ ಹಿಂದಕ್ಕೆ ಎಳೆದಾಗ ಉದ್ದಕ್ಷವನ್ನು ಕಡಿಯುವ ಬಿಂದುವು ಗಾತ್ರವನ್ನು ಕೊಡುತ್ತದೆ. ಗಾತ್ರವೊಂದೇ ಕಾರಣವಾದರೆ ರೇಖೆ ಮಟ್ಟಸವಾಗಿರುತ್ತದೆ. ವಿಕೃತಿಯೊಂದೇ ಕಾರಣವಾದರೆ ಅದು ಮೂಲಬಿಂದುವಿನ ಮೂಲಕ ಹಾಯುತ್ತದೆ. ಎರಡೂ ಇದ್ದರೆ ಮೂಲಬಿಂದುವಿಗಿಂತ ಮೇಲೆ ಹೊರಟು ಏರುತ್ತ ಹೋಗುತ್ತದೆ. ಮೂವತ್ತು ವರ್ಷಗಳ ವಿವಾದವು ಒಂದು ಕಾಗದದ ಮೇಲೆ ಎಳೆದ ಗೆರೆಯ ಭಂಗಿಗೆ ಇಳಿದುಬಂದಿತು.

ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡುವುದು ಇಲ್ಲಿ ಉಚಿತ. ಟಂಗ್‌ಸ್ಟನ್ ಲೋಹದ ಪುಡಿಯನ್ನು ತಾಮ್ರದ ನಳಿಗೆಯ ಕ್ಷ-ಕಿರಣದಿಂದ ಪರೀಕ್ಷಿಸಲಾಗಿದೆ ಎಂದಿಟ್ಟುಕೊಳ್ಳೋಣ. ಅದರ ಅಲೆಯುದ್ದ 0.154 ನ್ಯಾನೊಮೀಟರ್. 110, 220, 321 ಎಂಬ ಹೆಸರಿನ ಮೂರು ರೇಖೆಗಳು 2θ ಮಾಪನದಲ್ಲಿ ಕ್ರಮವಾಗಿ 40.3, 87.0 ಮತ್ತು 131.2 ಅಂಶಗಳಲ್ಲಿ ಬೀಳುತ್ತವೆ. ಅವುಗಳ ಅಗಲಗಳು, ಉಪಕರಣದ ಪಾಲನ್ನು ಕಳೆದ ಮೇಲೆ, 0.337, 0.654 ಮತ್ತು 1.394 ಅಂಶಗಳಷ್ಟಿವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಬಹುದು.

ಮೊದಲು ಶೆರರ್ ಸೂತ್ರವನ್ನಷ್ಟೇ ಪ್ರಯೋಗಿಸಿ, K ಎಂಬುದನ್ನು 0.9 ಎಂದು ಹಿಡಿದು ನೋಡಿದರೆ, ಮೊದಲನೆಯ ರೇಖೆಯು ಕಣದ ಗಾತ್ರ 25 ನ್ಯಾನೊಮೀಟರ್ ಎನ್ನುತ್ತದೆ. ಎರಡನೆಯದು 17 ಎನ್ನುತ್ತದೆ. ಮೂರನೆಯದು 14 ಎನ್ನುತ್ತದೆ. ಪುಡಿ ಒಂದೇ, ಕಣಗಳೂ ಅವೇ. ಆದರೂ ಕೋನ ಹೆಚ್ಚಿದಂತೆ ಗಾತ್ರ ಕುಗ್ಗುತ್ತ ಬರುತ್ತಿದೆ. ಕಣದ ಗಾತ್ರವು ನೋಡುವ ಕೋನವನ್ನು ಅವಲಂಬಿಸಿ ಹೀಗೆ ಕ್ರಮವಾಗಿ ಇಳಿಯುವುದು ಸಾಧ್ಯವಿಲ್ಲ. ಈ ಇಳಿತವೇ ವಿಕೃತಿಯು ಬೆರೆತಿದೆ ಎಂಬುದರ ಮೊದಲ ಸೂಚನೆ. 110 ರೇಖೆಯೊಂದನ್ನೇ ಅಳೆದು 25 ಎಂದು ಬರೆದಿಟ್ಟವನಿಗೆ ಈ ಸೂಚನೆ ಸಿಗುತ್ತಲೇ ಇರಲಿಲ್ಲ.

ಇನ್ನು ಹಾಲ್ ತೋರಿದ ದಾರಿ. ಅಗಲಗಳನ್ನು ರೇಡಿಯನ್ನಿಗೆ ತಂದರೆ 0.00589, 0.01141, 0.02433 ಆಗುತ್ತವೆ. ಆಯಾ cos θ ಬೆಲೆಗಳಾದ 0.939, 0.725, 0.413 ಎಂಬುವುಗಳಿಂದ ಗುಣಿಸಿದರೆ 0.00553, 0.00828, 0.01006 ಬರುತ್ತವೆ. ಇವಕ್ಕೆ ಎದುರಾದ sin θ ಬೆಲೆಗಳು 0.344, 0.688, 0.911. ಮೊದಲನೆಯ ಬಿಂದುವಿನಿಂದ ಕೊನೆಯದಕ್ಕೆ ಅಡ್ಡಕ್ಕೆ 0.567ರಷ್ಟು ನಡೆದಾಗ ಮೇಲಕ್ಕೆ 0.00453ರಷ್ಟು ಏರಿದೆ, ಏರುವ ದರ 0.00799. ಅದನ್ನು 4ರಿಂದ ಭಾಗಿಸಿದರೆ ವಿಕೃತಿಯು 0.0020, ಎಂದರೆ ಪದರಗಳ ದೂರದಲ್ಲಿ ಸಾವಿರಕ್ಕೆ ಎರಡು ಪಾಲಿನ ಏರುಪೇರು. ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಅಕ್ಷವನ್ನು 0.00278ರಲ್ಲಿ ಕಡಿಯುತ್ತದೆ. Kλ ಎಂಬ 0.1387ನ್ನು ಇದರಿಂದ ಭಾಗಿಸಿದರೆ ಕಣದ ಗಾತ್ರ 50 ನ್ಯಾನೊಮೀಟರ್. ನಡುವಣ ಬಿಂದುವು ಇದೇ ರೇಖೆಯ ಮೇಲೆ ಬೀಳುತ್ತದೆಯೇ ಎಂದು ಪರೀಕ್ಷಿಸಿದರೆ 0.00828 ಎಂದೇ ಬರುತ್ತದೆ, ಲೆಕ್ಕ ಸರಿಯಾಗಿದೆ. ಅಂದಮೇಲೆ ವಿಕೃತಿಯನ್ನು ಮರೆತು ಒಂದೇ ರೇಖೆಯಿಂದ ತೆಗೆದ 25 ಎಂಬುದು ನಿಜವಾದ ಗಾತ್ರದ ಅರ್ಧ ಮಾತ್ರ. ಕೊನೆಯ ರೇಖೆಯಿಂದ ತೆಗೆದುದು ಕಾಲುಭಾಗಕ್ಕೆ ಸಮೀಪ.

1953ರಲ್ಲಿ ಜಿ. ಕೆ. ವಿಲಿಯಮ್‌ಸನ್ ಹಾಲ್‌ನೊಡನೆ ಸೇರಿ, ಅರದಿಂದ ತೇದ ಅಲ್ಯೂಮಿನಿಯಂ ಮತ್ತು ಟಂಗ್‌ಸ್ಟನ್ ಪುಡಿಗಳನ್ನು ಈ ರೀತಿಯಲ್ಲಿ ವಿವರವಾಗಿ ಪರೀಕ್ಷಿಸಿದ ಫಲವನ್ನು ಆಕ್ಟಾ ಮೆಟಲರ್ಜಿಕಾ ಪತ್ರಿಕೆಯ ಮೊದಲ ಸಂಪುಟದಲ್ಲಿ ಪ್ರಕಟಿಸಿದನು. ಅವರು ಫಿಲ್ಮನ್ನು ಬಿಟ್ಟು ಗೈಗರ್ ಎಣಿಕೆಯಂತ್ರವನ್ನು ಬಳಸಿದರು. ಹೋಲಿಕೆಗಾಗಿ ಕಾಯಿಸಿ ಹದಗೊಳಿಸಿದ ಪುಡಿಯನ್ನೂ ಅಳೆದರು. ಅವರ ತೀರ್ಮಾನ ಎರಡು ಪಕ್ಷಗಳಿಗೂ ಪಾಲು ಕೊಟ್ಟಿತು. ಸಣ್ಣ ಗಾತ್ರವೂ ವಿಕೃತಿಯೂ ಏಕಕಾಲದಲ್ಲಿ ಕೆಲಸಮಾಡುತ್ತಿವೆ. ವಿಕೃತಿಯ ಪಾಲು ಹೆಚ್ಚು, ವಿಶೇಷವಾಗಿ ದೊಡ್ಡ ಕೋನಗಳಲ್ಲಿ. ಅಂದಿನಿಂದ ಆ ನಕ್ಷೆಗೆ ವಿಲಿಯಮ್‌ಸನ್–ಹಾಲ್ ನಕ್ಷೆ ಎಂಬ ಹೆಸರು ನಿಂತಿದೆ.

4

ಈ ನಕ್ಷೆ ಎಳೆಯಲು ಸುಲಭ. ಆ ಸೌಲಭ್ಯದಲ್ಲಿಯೇ ಅಪಾಯವಿದೆ. ಮೊದಲನೆಯ ಅಪಾಯ ಉಪಕರಣದ್ದು. ಎಷ್ಟೇ ಒಳ್ಳೆಯ ಸ್ಫಟಿಕವನ್ನಿಟ್ಟರೂ ಉಪಕರಣವು ಸೀಳುಗಂಡಿಯ ಅಗಲ, ನಳಿಗೆಯ ಕಿರಣದಲ್ಲಿ ಬೆರೆತಿರುವ ಎರಡು ಸಮೀಪದ ಅಲೆಯುದ್ದಗಳು ಮೊದಲಾದ ಕಾರಣಗಳಿಂದ ತನ್ನದೇ ಆದ ಅಗಲವನ್ನು ರೇಖೆಗೆ ಸೇರಿಸುತ್ತದೆ. ಹದಗೊಳಿಸಿದ, ದೊಡ್ಡ ಕಣಗಳುಳ್ಳ ಪುಡಿಯನ್ನು ಅದೇ ಉಪಕರಣದಲ್ಲಿ ಅಳೆದು ಈ ಪಾಲನ್ನು ತಿಳಿಯಬಹುದು. ಆದರೆ ಅದನ್ನು ಕಳೆಯುವುದು ಹೇಗೆ? ರೇಖೆಗಳ ಆಕಾರವು ಕೋಶಿ ಎಂಬ ಗಣಿತಜ್ಞನ ಹೆಸರಿನ ವಕ್ರರೇಖೆಯದಾದರೆ ಅಗಲದಿಂದ ಅಗಲವನ್ನು ನೇರವಾಗಿ ಕಳೆಯಬೇಕು. ಗೌಸ್ ವಕ್ರರೇಖೆಯದಾದರೆ ವರ್ಗದಿಂದ ವರ್ಗವನ್ನು ಕಳೆದು ಮೂಲವನ್ನು ತೆಗೆಯಬೇಕು. ಮೇಲಿನ ಉದಾಹರಣೆಯಲ್ಲಿ 110 ರೇಖೆಯು ಅಳತೆಯಲ್ಲಿ 0.437 ಅಂಶದಷ್ಟಿದ್ದು, ಉಪಕರಣದ ಪಾಲು 0.100 ಆಗಿದ್ದಿತೆನ್ನೋಣ. ಮೊದಲನೆಯ ರೀತಿಯಲ್ಲಿ ಉಳಿಯುವುದು 0.337, ಎರಡನೆಯ ರೀತಿಯಲ್ಲಿ 0.425. ಅಳತೆ ಒಂದೇ ಆಗಿದ್ದರೂ ಕಳೆಯುವ ಕ್ರಮದಿಂದಲೇ ನೂರಕ್ಕೆ ಇಪ್ಪತ್ತಾರರಷ್ಟು ವ್ಯತ್ಯಾಸ ಬಂದಿತು. ಹಾಲ್‌ನ ಸಮೀಕರಣದ ಕೂಡಿಕೆಯೂ ಕೋಶಿ ಆಕಾರವನ್ನೇ ನಂಬಿದೆ. ನಿಜವಾದ ರೇಖೆಗಳು ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲಿಯೋ ಇರುತ್ತವೆ. 1948ರಲ್ಲಿ ಸ್ಟೋಕ್ಸ್ ಆಕಾರವನ್ನು ಮೊದಲೇ ಊಹಿಸದೆ, ಫೂರ್ಯೆ ಗಣಿತದಿಂದ ಉಪಕರಣದ ಪಾಲನ್ನು ಬೇರ್ಪಡಿಸುವ ಕ್ರಮವನ್ನು ಕೊಟ್ಟನು. ಅದು ಹೆಚ್ಚು ಶ್ರಮದ್ದು, ಆದರೆ ಹೆಚ್ಚು ಪ್ರಾಮಾಣಿಕವಾದುದು.

ಎರಡನೆಯ ಅಪಾಯವು ಹಿಂದಕ್ಕೆ ಎಳೆಯುವುದರಲ್ಲಿದೆ. ಗಾತ್ರವನ್ನು ಕೊಡುವ ಬಿಂದುವು ಯಾವ ಅಳತೆಯೂ ಇಲ್ಲದ ಸೊನ್ನೆಯ ಕಡೆಗೆ ರೇಖೆಯನ್ನು ಚಾಚಿದಾಗ ಸಿಗುವಂಥದು. ಮೊದಲನೆಯ ಬಿಂದುವನ್ನು ನೂರಕ್ಕೆ ಹತ್ತರಷ್ಟು ಕಡಿಮೆಯಾಗಿ ಅಳೆದು, ಅದನ್ನೂ ಕೊನೆಯ ಬಿಂದುವನ್ನೂ ಕೂಡಿಸಿ ರೇಖೆ ಎಳೆದರೆ, ವಿಕೃತಿಯು 0.0020ರಿಂದ 0.0022ಕ್ಕೆ ಏರುತ್ತದೆ, ಅಷ್ಟೇ. ಆದರೆ ಗಾತ್ರವು 50ರಿಂದ 73 ನ್ಯಾನೊಮೀಟರಿಗೆ ಜಿಗಿಯುತ್ತದೆ. ಗಾತ್ರ ದೊಡ್ಡದಾದಷ್ಟೂ ಬಿಂದುವು ಸೊನ್ನೆಯನ್ನು ಸಮೀಪಿಸಿ ಈ ಚಂಚಲತೆ ಹೆಚ್ಚುತ್ತದೆ. ರೇಖೆಯು ಅಕ್ಷವನ್ನು ಸೊನ್ನೆಗಿಂತ ಕೆಳಗೆ ಕಡಿದರೆ ಗಾತ್ರವು ಋಣಸಂಖ್ಯೆಯಾಗುತ್ತದೆ. ಅಂಥ ಫಲವು ಬಂದಾಗ ತಪ್ಪು ಉಪಕರಣದ ಪಾಲನ್ನು ಅತಿಯಾಗಿ ಕಳೆದುದರಲ್ಲಿಯೋ, ರೇಖೆಯೇ ಸರಳವಲ್ಲದುದನ್ನು ಸರಳವೆಂದು ಎಳೆದುದರಲ್ಲಿಯೋ ಇರುತ್ತದೆ.

ಈ ಎರಡನೆಯ ಸಂದರ್ಭವೇ ಮೂರನೆಯ ಅಪಾಯ. ಟಂಗ್‌ಸ್ಟನ್ನನ್ನು ಯಾವ ದಿಕ್ಕಿನಲ್ಲಿ ಎಳೆದರೂ ಅದು ಬಹುತೇಕ ಒಂದೇ ಸಮನಾಗಿ ಬಗ್ಗುತ್ತದೆ. ಅಲ್ಯೂಮಿನಿಯಂ ಸಹ ಇದಕ್ಕೆ ಹತ್ತಿರ. ಆದುದರಿಂದ ಅವುಗಳ ನಕ್ಷೆಯಲ್ಲಿ ಬೇರೆಬೇರೆ ರೇಖೆಗಳ ಬಿಂದುಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸುವುದು ನ್ಯಾಯವಾಗಿತ್ತು. ತಾಮ್ರದ ಸ್ವಭಾವ ಹಾಗಲ್ಲ. ಅದರ ಸ್ಫಟಿಕವು ಘನದ ಮೂಲೆಯಿಂದ ಮೂಲೆಗೆ ಹೋಗುವ 111 ದಿಕ್ಕಿನಲ್ಲಿ ಅಂಚಿನ ದಿಕ್ಕಾದ 100ಕ್ಕಿಂತ ಸುಮಾರು ಮೂರು ಪಟ್ಟು ಗಡುಸು. ಒಂದೇ ಒತ್ತಡಕ್ಕೆ 100 ದಿಕ್ಕಿನ ಪದರಗಳು ಹೆಚ್ಚು ವಿಕೃತಿಗೊಳ್ಳುತ್ತವೆ. 200 ರೇಖೆಯ ಬಿಂದುವು ಗೆರೆಯನ್ನು ಬಿಟ್ಟು ಮೇಲೆ ಹಾರುತ್ತದೆ. ಇದರ ಜೊತೆಗೆ, ತಾಮ್ರ ಹಿತ್ತಾಳೆಗಳಂಥ ಲೋಹಗಳಲ್ಲಿ ಪದರಗಳನ್ನು ಪೇರಿಸಿದ ಕ್ರಮದಲ್ಲಿಯೇ ತಪ್ಪುಗಳು ಬರುತ್ತವೆಯೆಂಬುದು 1950ರ ದಶಕದಲ್ಲಿ ಸ್ಪಷ್ಟವಾಯಿತು. ಅಂಥ ತಪ್ಪು ಬಂದೆಡೆ ಸ್ಫಟಿಕದ ಕ್ರಮ ಮುರಿಯುತ್ತದೆಯಾದ್ದರಿಂದ ಅದು ಚಿಕ್ಕ ಗಾತ್ರದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಚದುರಿದ ಬಿಂದುಗಳ ನಡುವೆ ಹೇಗಾದರೂ ಒಂದು ಗೆರೆ ಎಳೆದು ಗಾತ್ರ ಹೇಳುವುದು ಇಂಥ ಕಡೆ ಸಲ್ಲದು. 111 ಮತ್ತು 222, 200 ಮತ್ತು 400 ಎಂಬಂತೆ ಒಂದೇ ದಿಕ್ಕಿನ ರೇಖೆಗಳನ್ನು ಜೋಡಿಮಾಡಿ, ಒಂದೊಂದು ದಿಕ್ಕಿಗೂ ಬೇರೆ ಗೆರೆಯನ್ನು ಎಳೆಯುವುದು ಉಚಿತ. ಮೇಲಿನ ಟಂಗ್‌ಸ್ಟನ್ ಉದಾಹರಣೆಯ 110 ಮತ್ತು 220 ಇಂಥ ಜೋಡಿಯೇ.

ಅಮೆರಿಕದ ವಾರನ್ ಮತ್ತು ಆವರ್‌ಬಾಕ್ 1950ರಲ್ಲಿಯೇ ಈ ಜೋಡಿರೇಖೆಗಳ ಪೂರ್ಣ ಆಕಾರವನ್ನು ವಿಶ್ಲೇಷಿಸುವ ಸೂಕ್ಷ್ಮವಾದ ಕ್ರಮವನ್ನು ಕೊಟ್ಟಿದ್ದರು. ಅದರಲ್ಲಿ ಗಾತ್ರ ಮತ್ತು ವಿಕೃತಿ ಒಂದೊಂದು ಸಂಖ್ಯೆಯಾಗಿ ಅಲ್ಲದೆ, ಸ್ಫಟಿಕದೊಳಗಿನ ದೂರದೊಡನೆ ವಿಕೃತಿಯು ಹೇಗೆ ಬದಲಾಗುತ್ತದೆ ಎಂಬ ಚಿತ್ರವಾಗಿಯೇ ಸಿಗುತ್ತವೆ. ಅಕ್ಕಪಕ್ಕದ ಪರಮಾಣುಗಳ ನಡುವೆ ವಿಕೃತಿ ಹೆಚ್ಚಾಗಿದ್ದು ದೂರ ಹೋದಂತೆ ಸರಾಸರಿಯಲ್ಲಿ ಇಳಿಯುವುದು ಅದರಿಂದ ತಿಳಿದುಬಂದ ಸಂಗತಿ. 1996ರಲ್ಲಿ ಹಂಗೆರಿಯ ಉಂಗಾರ್ ಮತ್ತು ಬೋರ್ಬೆಲಿ, ತಾಮ್ರದ ಚದುರಿದ ಬಿಂದುಗಳಿಗೆ ಜಾಲದೊಳಗಿನ ಸ್ಥಾನಭ್ರಂಶ ಗೆರೆಗಳೇ ಕಾರಣವೆಂದು ತೆಗೆದುಕೊಂಡು, ಒಂದೊಂದು ದಿಕ್ಕಿಗೂ ಅವುಗಳ ಪ್ರಭಾವವನ್ನು ಗುಣಾಂಕವೊಂದರಿಂದ ತೂಗಿ, ವಿಲಿಯಮ್‌ಸನ್–ಹಾಲ್ ನಕ್ಷೆಯ ಬಿಂದುಗಳನ್ನು ಮತ್ತೆ ಒಂದು ಸುಸಂಬದ್ಧ ವಕ್ರದ ಮೇಲೆ ತಂದರು. ಹಳೆಯ ನಕ್ಷೆಯಲ್ಲಿ ದೋಷವೆಂದು ತೋರುತ್ತಿದ್ದ ಚದುರುವಿಕೆಯೇ ಹೀಗೆ ಲೋಹದ ಒಳಗಿನ ಭ್ರಂಶಗಳನ್ನು ಎಣಿಸುವ ಸಾಧನವಾಯಿತು.

ಬಡಿದ ಲೋಹದೊಳಗೆ ಆಗುವುದೇನು ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪೆಟ್ಟು ಬಿದ್ದಾಗ ಜಾಲದಲ್ಲಿ ಸ್ಥಾನಭ್ರಂಶಗಳು ಹುಟ್ಟಿ ಗುಂಪುಗಟ್ಟುತ್ತವೆ. ಆ ಗುಂಪುಗಳ ಗೋಡೆಗಳು ದೊಡ್ಡ ಸ್ಫಟಿಕವನ್ನು ಸಣ್ಣ ಪ್ರದೇಶಗಳಾಗಿ ಹಂಚುತ್ತವೆ; ವುಡ್ ಕಂಡ ತುಣುಕುಗಳು ಇವೇ. ಅವೇ ಭ್ರಂಶಗಳು ತಮ್ಮ ಸುತ್ತಲಿನ ಪದರಗಳನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಫಾನ್ ಆರ್ಕೆಲ್ ಹೇಳಿದ ವಿಕಾರ ಇದೇ. ಒಂದೇ ಕಾರಣದ ಎರಡು ಫಲಗಳನ್ನು ಹಿಡಿದು ಎರಡು ಪಕ್ಷಗಳು ವಾದಿಸಿದ್ದವು. ಅಕ್ಕಸಾಲಿಗನು ತಗಡನ್ನು ಕುಲುಮೆಗೆ ಇಟ್ಟಾಗ ಭ್ರಂಶಗಳು ಅಳಿದು, ವಿಕಾರವಿಲ್ಲದ ಹೊಸ ಸ್ಫಟಿಕಗಳು ಬೆಳೆಯುತ್ತವೆ. ಆ ತಗಡನ್ನು ಕ್ಷ-ಕಿರಣದ ಎದುರಿಗೆ ಹಿಡಿದರೆ, ಹರಡಿಕೊಂಡಿದ್ದ ರೇಖೆಯು ಮತ್ತೆ ತೆಳ್ಳಗಾಗಿ, ಉಪಕರಣದ ಅಗಲವೊಂದೇ ಅದರಲ್ಲಿ ಉಳಿದಿರುತ್ತದೆ.